ಸಿಸಿಯಿಂದ ನನ್ನ ಹೆಸರು ತೆಗೀತೀರಾ?

1997ರ ಅಕ್ಟೋಬರಿನಲ್ಲಿ ಒಂದು ದಿನ ಮೈಕ್ರೋಸಾಫ್ಟ್ ಕಂಪನಿಯ ಉದ್ಯೋಗಿಯೊಬ್ಬರು ತಮ್ಮ ಹೆಸರು ‘ಬೆಡ್‌ಲಾಮ್ ಡಿಎಲ್3’ ಎಂಬ ಇಮೇಲ್ ಪಟ್ಟಿಯಲ್ಲಿ ಇರುವುದನ್ನು ನೋಡಿದರು. ಆ ಪಟ್ಟಿ ಯಾತಕ್ಕೆ, ತಮ್ಮನ್ನು ಯಾರು ಸೇರಿಸಿದರು ಎಂಬುದು ಗೊತ್ತಾಗಲಿಲ್ಲ. ಹಾಗಾಗಿ ಆ ಪಟ್ಟಿಯ ವಿಳಾಸಕ್ಕೇ ಒಂದು ಮೇಲ್ ಬರೆದರು: ನಾನು ಇದರಲ್ಲಿ ಯಾಕಿದ್ದೇನೆ, ದಯವಿಟ್ಟು ನನ್ನನ್ನು ತೆಗೆಯಿರಿ. ಮಾತಿನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ದಯವಿಟ್ಟು ಎಂದಿದ್ದರು, ಏನು ಬೇಕೆಂದು ನೇರವಾಗಿಯೂ ಹೇಳಿದ್ದರು. ಆದರೆ ಪಟ್ಟಿಯಲ್ಲಿ ಸುಮಾರು 13,000 ಜನರಿದ್ದರು. ಆ ಕೋರಿಕೆ ಅಷ್ಟೂ ಜನರಿಗೆ ಹೋಯಿತು.

ಅದನ್ನು ಓದಿದವರಲ್ಲಿ ಅನೇಕರಿಗೆ ತಾವೂ ಆ ಪಟ್ಟಿಯಲ್ಲಿದ್ದೇವೆ ಎಂಬುದು ಆಗಲೇ ತಿಳಿದದ್ದು. ಅವರು ‘ರಿಪ್ಲೈ ಆಲ್’ ಒತ್ತಿ ‘ನನ್ನನ್ನೂ’ ಎಂದು ಬರೆದರು. ಇನ್ನು ಕೆಲವರು ‘ಎಲ್ಲರಿಗೂ ಉತ್ತರ ಕಳಿಸಬೇಡಿ’ ಎಂದು ಎಲ್ಲರಿಗೂ ಉತ್ತರ ಕಳಿಸಿದರು. ಲೆಕ್ಕ ಸುಲಭ. ಸಾವಿರ ಜನ ಒಂದೊಂದು ಸಾಲು ಬರೆದರೂ 1 ಕೋಟಿ 30 ಲಕ್ಷ ಪ್ರತಿಗಳಾಗುತ್ತವೆ. ಸುಮಾರು ಒಂದು ಗಂಟೆಯಲ್ಲಿ ಒಂದೂವರೆ ಕೋಟಿ ಮೇಲ್‌ಗಳು ಹರಿದಾಡಿ, ಕಂಪನಿಯ ಮೇಲ್ ಸರ್ವರ್‌ಗಳು ಮಕಾಡೆ ಮಲಗಿದವು. ಹತ್ತೊಂಬತ್ತು ವರ್ಷಗಳ ನಂತರ, 2016ರ ನವೆಂಬರಿನಲ್ಲಿ, ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಇದೇ ಕಥೆ ಇನ್ನೂ ದೊಡ್ಡದಾಗಿ ನಡೆಯಿತು. ಪರೀಕ್ಷೆಗೆಂದು ಕಳಿಸಿದ ಒಂದು ಮೇಲ್ ಎಂಟು ಲಕ್ಷಕ್ಕೂ ಹೆಚ್ಚು ನೌಕರರ ಪಟ್ಟಿಗೆ ಹೋಯಿತು. ‘ನನ್ನನ್ನು ತೆಗೆಯಿರಿ’ ಎಂಬ ಉತ್ತರಗಳೂ ಅಲ್ಲಿಗೇ ಹೋದವು.

ನಮ್ಮ ಕಚೇರಿಗಳಲ್ಲಿ ಅಷ್ಟು ದೊಡ್ಡ ಅನಾಹುತ ಆಗುವುದಿಲ್ಲ, ನಿಜ. ಎಂಬತ್ತು ಜನರ ಪಟ್ಟಿಯಲ್ಲಿ ನಾಲ್ಕು ಜನ ‘ನನ್ನನ್ನೂ’ ಎಂದು ಬರೆದು, ಐದನೆಯವರು ಸಿಡುಕಿ, ಆಮೇಲೆ ಎಲ್ಲ ತಣ್ಣಗಾಗುತ್ತದೆ. ಆದರೆ ಎಡವುವುದು ಅದೇ ಜಾಗದಲ್ಲಿ. ‘ಹೇಗೆ ಕೇಳುವುದು’ ಎಂದು ಯೋಚಿಸುವವರು ‘ಯಾರನ್ನು ಕೇಳುವುದು’ ಎಂದು ಯೋಚಿಸುವುದಿಲ್ಲ. ನನ್ನ ಮಟ್ಟಿಗೆ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಮೊದಲನೆಯದರ ಮುಕ್ಕಾಲು ಭಾಗ ಮುಗಿದ ಹಾಗೆ.

ಯಾರನ್ನು ಕೇಳಬೇಕು ಎಂಬುದು ಆ ಮೇಲ್ ನಿಮ್ಮ ತನಕ ಯಾವ ದಾರಿಯಲ್ಲಿ ಬಂತು ಎಂಬುದರ ಮೇಲೆ ನಿಂತಿದೆ. ಒಂದು, ಯಾರೋ ನಿಮ್ಮ ವಿಳಾಸವನ್ನು ಸಿಸಿಯಲ್ಲಿ ತಾವೇ ಬರೆದಿದ್ದಾರೆ. ಎರಡು, ನಿಮ್ಮ ವಿಳಾಸ ಕಚೇರಿಯ ಒಂದು ಗುಂಪಿನೊಳಗೆ ಇದೆ. ಕಳಿಸಿದವರು ಗುಂಪಿನ ಹೆಸರನ್ನಷ್ಟೇ ಬರೆದಿದ್ದಾರೆ, ಒಳಗೆ ನೀವಿದ್ದೀರಿ ಎಂಬುದೇ ಅವರಿಗೆ ಗೊತ್ತಿರಲಿಕ್ಕಿಲ್ಲ. ಮೂರು, ಒಂದು ತಂತ್ರಾಂಶ ನಡೆಸುವ ಚಂದಾ ಪಟ್ಟಿಯಲ್ಲಿ ನಿಮ್ಮ ಹೆಸರಿದೆ. ಜಿಮೇಲ್‌ನಲ್ಲಿ ಮೇಲ್ ತೆರೆದು, ಕಳಿಸಿದವರ ಹೆಸರಿನ ಕೆಳಗೆ ‘to me’ ಎಂದಿರುವ ಕಡೆಯ ಸಣ್ಣ ಬಾಣವನ್ನು ಒತ್ತಿದರೆ ಒಂದು ಚೌಕ ತೆರೆದುಕೊಳ್ಳುತ್ತದೆ. ‘cc’ ಸಾಲಿನಲ್ಲಿ ನಿಮ್ಮದೇ ವಿಳಾಸ ಕಂಡರೆ ಅದು ಮೊದಲನೆಯ ದಾರಿ. ನಿಮ್ಮ ವಿಳಾಸ ಎಲ್ಲೂ ಇಲ್ಲದೆ ‘purchase-all’ ಎಂಬಂಥ ಹೆಸರಷ್ಟೇ ಇದ್ದರೆ ಎರಡನೆಯದು. ‘mailing list’ ಎಂಬ ಸಾಲು ಇದ್ದರೆ ಮೂರನೆಯದು, ಇಲ್ಲವೇ ಗೂಗಲ್‌ನಲ್ಲೇ ಮಾಡಿದ ಕಚೇರಿ ಗುಂಪು.

ಹೆಚ್ಚು ತಲೆನೋವು ಮೊದಲನೆಯದರಲ್ಲೇ. ಅಲ್ಲಿ ಗುಂಡಿ ಇರುವುದಿಲ್ಲ, ಮನುಷ್ಯ ಇರುತ್ತಾನೆ. ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಪೀಣ್ಯದ ಒಂದು ಮಧ್ಯಮ ಗಾತ್ರದ ಕಾರ್ಖಾನೆ ಎಂದುಕೊಳ್ಳಿ. ಖರೀದಿ ವಿಭಾಗದಲ್ಲಿದ್ದ ಇಂಜಿನಿಯರ್ ಒಬ್ಬರು ಗುಣಮಟ್ಟ ವಿಭಾಗಕ್ಕೆ ವರ್ಗವಾಗಿದ್ದಾರೆ. ಬೆಳಗಾವಿಯ ಫೌಂಡ್ರಿಯೊಂದರಿಂದ ಈ ಕಾರ್ಖಾನೆಗೆ ಎರಕದ ಬಿಡಿಭಾಗಗಳು ಬರುತ್ತವೆ. ಫೌಂಡ್ರಿಯ ಡಿಸ್ಪ್ಯಾಚ್ ಗುಮಾಸ್ತರು ಪ್ರತಿ ಲಾರಿಗೂ ಒಂದು ಮೇಲ್ ಕಳಿಸುತ್ತಾರೆ. ಅದರಲ್ಲಿ ಇನ್‌ವಾಯ್ಸ್ ನಂಬರು, ಲಾರಿ ನಂಬರು, ಎಷ್ಟು ಪೀಸು ಎಂಬ ವಿವರ ಇರುತ್ತದೆ. ಮೇಲ್ ಹೋಗುವುದು ಸ್ಟೋರ್ಸ್‌ಗೆ, ಸಿಸಿಯಲ್ಲಿ ಖರೀದಿ, ಲೆಕ್ಕಪತ್ರ ಮತ್ತು ಈ ಇಂಜಿನಿಯರ್. ಲಾರಿ ತಡವಾದರೆ ಸ್ಟೋರ್ಸ್‌ನವರು ಎಲ್ಲರಿಗೂ ಸೇರಿಸಿ ಕೇಳುತ್ತಾರೆ, ಫೌಂಡ್ರಿಯವರು ಎಲ್ಲರಿಗೂ ಸೇರಿಸಿ ಉತ್ತರಿಸುತ್ತಾರೆ. ವರ್ಗವಾಗಿ ಎರಡು ತಿಂಗಳಾದರೂ ಇವರ ಇನ್‌ಬಾಕ್ಸ್ ಲಾರಿ ನಂಬರುಗಳಿಂದ ತುಂಬುತ್ತಿದೆ.

ಇಲ್ಲಿ ತಟ್ಟನೆ ಹೊಳೆಯುವ ಉಪಾಯ ಫಿಲ್ಟರ್. ಈ ಮೇಲ್‌ಗಳೆಲ್ಲ ತಾವಾಗಿ ಒಂದು ಮೂಲೆಯ ಫೋಲ್ಡರಿಗೆ ಹೋಗುವಂತೆ ಮಾಡಿಬಿಟ್ಟರೆ ಯಾರನ್ನೂ ಕೇಳಬೇಕಾಗಿಲ್ಲ, ಯಾರ ಮನಸ್ಸೂ ನೋಯುವುದಿಲ್ಲ. ನನಗೆ ಈ ಉಪಾಯದ ಮೇಲೆ ಅಷ್ಟು ನಂಬಿಕೆ ಇಲ್ಲ. ಕಚೇರಿಯಲ್ಲಿ ಸಿಸಿ ಎಂದರೆ ‘ನಿಮಗೆ ತಿಳಿಸಿದ್ದೇವೆ’ ಎಂಬುದಕ್ಕೆ ದಾಖಲೆ. ನಮ್ಮ ಸರ್ಕಾರಿ ಪತ್ರಗಳ ಕೊನೆಯಲ್ಲಿ ‘ಪ್ರತಿಯನ್ನು ಮಾಹಿತಿಗಾಗಿ’ ಎಂದು ಹೆಸರುಗಳ ಸಾಲೇ ಇರುತ್ತದಲ್ಲ, ಇದೂ ಅದೇ ತರಹ. ನೀವು ಓದಲಿಲ್ಲ ಎಂಬುದು ನಿಮಗೆ ಗೊತ್ತು, ಕಳಿಸಿದವರಿಗೆ ಗೊತ್ತಿಲ್ಲ. ನಾಳೆ ಬಿರುಕು ಬಿಟ್ಟ ಬಿಡಿಭಾಗಗಳ ಒಂದು ಲೋಡ್ ಒಳಗೆ ಬಂದು ರಾದ್ಧಾಂತವಾದರೆ, ‘ನಿಮಗೂ ಸಿಸಿ ಇತ್ತಲ್ಲ ಮೇಡಂ’ ಎಂಬ ಮಾತು ಬಂದೇ ಬರುತ್ತದೆ. ಫಿಲ್ಟರ್ ಗದ್ದಲವನ್ನು ಮಾತ್ರ ಅಡಗಿಸುತ್ತದೆ, ಜವಾಬ್ದಾರಿ ಇದ್ದಲ್ಲೇ ಇರುತ್ತದೆ. ಹೆಸರು ತೆಗೆಸಿಕೊಂಡರೆ ಎರಡೂ ಹೋಗುತ್ತವೆ. ಕೇಳುವುದು ಯೋಗ್ಯವಾಗುವುದು ಇದಕ್ಕೇ.

ಕೇಳುವ ಮೊದಲು ಒಂದು ಸಣ್ಣ ಕೆಲಸ ಇದೆ. ಕಳೆದ ಒಂದು ತಿಂಗಳಲ್ಲಿ ಹೀಗೆ ಬಂದ ಮೇಲ್‌ಗಳನ್ನು ಒಟ್ಟಿಗೆ ತೆಗೆದು ನೋಡಬೇಕು. ಜಿಮೇಲ್‌ನ ಹುಡುಕುವ ಪೆಟ್ಟಿಗೆಯಲ್ಲಿ ಇಷ್ಟು ಬರೆದರೆ ಸಾಕು:

```
cc:me from:despatch@example.com newer_than:30d
```

ಆ ವಿಳಾಸದಿಂದ ಬಂದು, ಸಿಸಿಯಲ್ಲಿ ನೀವಿರುವ, ಮೂವತ್ತು ದಿನದೊಳಗಿನ ಮೇಲ್‌ಗಳು ಮಾತ್ರ ಸಾಲಾಗಿ ಬರುತ್ತವೆ. ಇವುಗಳಲ್ಲಿ ನಾನು ಏನಾದರೂ ಮಾಡಬೇಕಾಗಿ ಬಂದದ್ದು ಯಾವುದು, ಇದು ಬರದೇ ಇದ್ದಿದ್ದರೆ ನನಗೆ ನಷ್ಟವಾಗುತ್ತಿದ್ದದ್ದು ಯಾವುದು ಎಂದು ನೋಡುತ್ತಾ ಹೋಗಬೇಕು. ನಮ್ಮ ಇಂಜಿನಿಯರ್‌ಗೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ಲಾರಿ ಹೊರಟ ಸುದ್ದಿ, ತಡವಾದ ಸುದ್ದಿ ಒಂದೂ ಅವರಿಗೆ ಬೇಕಿಲ್ಲ. ಆದರೆ ಮಾಲು ತಿರಸ್ಕೃತವಾದಾಗ, ಕಾರ್ಖಾನೆಯ ಭಾಷೆಯಲ್ಲಿ ‘ರಿಜೆಕ್ಷನ್’ ಆದಾಗ, ಬರುವ ಮೇಲ್ ಬೇಕು. ಅದು ಈಗ ಅವರ ಹೊಸ ಕೆಲಸದ ಭಾಗವೇ. ಈ ಒಂದು ಎಳೆಯನ್ನು ಬೇರ್ಪಡಿಸದೆ ‘ನನ್ನನ್ನು ಎಲ್ಲದರಿಂದ ತೆಗೆಯಿರಿ’ ಎಂದು ಬರೆದುಬಿಟ್ಟರೆ ಮೂರು ವಾರದಲ್ಲಿ ಅವರೇ ಹೋಗಿ ‘ನನಗೆ ಯಾಕೆ ಹೇಳಲಿಲ್ಲ’ ಎಂದು ಕೇಳಬೇಕಾಗುತ್ತದೆ. ಒಮ್ಮೆ ಹಾಗೆ ಆಯಿತೆಂದರೆ ಎದುರಿನವರು ಮತ್ತೆ ಯಾವತ್ತೂ ಯಾರ ಹೆಸರನ್ನೂ ತೆಗೆಯುವುದಿಲ್ಲ.

ಇನ್ನು, ಯಾರನ್ನು ಕೇಳುವುದು? ಮೇಲ್ ಕಳಿಸುವವರು ಫೌಂಡ್ರಿಯ ಗುಮಾಸ್ತರು. ಆದರೆ ಆ ಹೆಸರುಗಳನ್ನು ಅವರು ಕನಸಿನಲ್ಲಿ ಕಂಡು ಬರೆದದ್ದಲ್ಲ. ಯಾವತ್ತೋ ಖರೀದಿ ವಿಭಾಗದ ಮ್ಯಾನೇಜರ್ ‘ಇನ್ನು ಮೇಲೆ ಇವರೆಲ್ಲರಿಗೂ ಸಿಸಿ ಹಾಕಿ’ ಎಂದು ಹೇಳಿರುತ್ತಾರೆ. ಬರೆಯುವ ಕೈ ಒಬ್ಬರದು, ತೀರ್ಮಾನ ಇನ್ನೊಬ್ಬರದು. ಗುಮಾಸ್ತರಿಗೆ ನೇರ ಬರೆದರೆ ಅವರು ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾರೆ. ಗಿರಾಕಿ ಕಂಪನಿಯ ಮ್ಯಾನೇಜರ್ ಹಾಕು ಅಂದಿದ್ದಾರೆ, ಅದೇ ಕಂಪನಿಯ ಇಂಜಿನಿಯರ್ ತೆಗೆ ಅನ್ನುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಯಾವ ಗುಮಾಸ್ತರೂ ಆರಿಸಿಕೊಳ್ಳುವುದು ಸುಮ್ಮನಿರುವುದನ್ನೇ. ಎಷ್ಟು ಸಲ ಹೇಳಿದರೂ ತೆಗೆಯುವುದಿಲ್ಲ ಎಂಬ ದೂರುಗಳ ಹಿಂದೆ ಬಹಳ ಸಲ ಇರುವುದು ಈ ಇಕ್ಕಟ್ಟು.

ಆದ್ದರಿಂದ ಮೊದಲು ಮ್ಯಾನೇಜರ್ ಹತ್ತಿರ ಒಂದು ಮಾತು. ಇದಕ್ಕೆ ಮೇಲ್‌ಗಿಂತ ಕ್ಯಾಂಟೀನ್ ಅಥವಾ ಫೋನು ವಾಸಿ. ‘ಸರ್, ಫೌಂಡ್ರಿಯವರ ಡಿಸ್ಪ್ಯಾಚ್ ಮೇಲ್ ಇನ್ನೂ ನನಗೆ ಬರ್ತಿದೆ. ಈಗ ಅದನ್ನ ಮಂಜುನಾಥ್ ನೋಡ್ಕೊಳ್ತಿದಾರಲ್ಲ, ನನ್ನ ಹೆಸರು ತೆಗೀಲಿಕ್ಕೆ ಹೇಳ್ಲಾ?’ ಮೇಲಧಿಕಾರಿಗೆ ಇಲ್ಲಿ ಕೆಲಸವೇನೂ ಇಲ್ಲ, ‘ಹೂಂ, ಹೇಳಿ’ ಎಂದರೆ ಮುಗಿಯಿತು. ‘ನೀವು ಹೇಳಿ’ ಎಂದು ಅವರ ತಲೆಗೆ ಕಟ್ಟಿದರೆ ಅದು ಅವರ ನೂರು ಕೆಲಸಗಳಲ್ಲಿ ನೂರಾ ಒಂದನೆಯದಾಗಿ ಕುಳಿತುಕೊಳ್ಳುತ್ತದೆ.

ಒಪ್ಪಿಗೆ ಸಿಕ್ಕಿದ ಮೇಲೆ ಗುಮಾಸ್ತರಿಗೆ ಮೇಲ್. ಇದನ್ನು ಹಳೆಯ ಎಳೆಗೆ ಉತ್ತರವಾಗಿ ಕಳಿಸಬಾರದು. ಹೊಸದಾಗಿ, ಅವರೊಬ್ಬರಿಗೇ, ಯಾರಿಗೂ ಸಿಸಿ ಇಲ್ಲದೆ ಕಳಿಸಬೇಕು. (ಸಿಸಿ ಬೇಡ ಎಂದು ಕೇಳುವ ಮೇಲ್‌ಗೇ ಐದು ಜನರನ್ನು ಸಿಸಿ ಹಾಕುವವರಿದ್ದಾರೆ. ಅವರ ಬಗ್ಗೆ ಏನು ಹೇಳುವುದು?) ಬಹುಪಾಲು ಇಂಥ ಮೇಲ್‌ಗಳು ಹೀಗಿರುತ್ತವೆ:

‘ನಮಸ್ಕಾರ ಸರ್, ದಯವಿಟ್ಟು ತಪ್ಪು ತಿಳಿಯಬೇಡಿ. ನಿಮ್ಮ ಮೇಲ್‌ಗಳು ತುಂಬಾ ಬರುತ್ತಿರುವುದರಿಂದ ಸ್ವಲ್ಪ ಕಷ್ಟವಾಗುತ್ತಿದೆ. ಸಾಧ್ಯವಾದರೆ, ನಿಮಗೆ ತೊಂದರೆ ಇಲ್ಲದಿದ್ದರೆ, ಬೇಕಾದವರಿಗೆ ಮಾತ್ರ ಸಿಸಿ ಹಾಕುವ ಬಗ್ಗೆ ಯೋಚಿಸಬಹುದೇ?’

ಇದನ್ನು ಓದಿದ ಗುಮಾಸ್ತರಿಗೆ ಯಾರೋ ಬೇಸರಗೊಂಡಿದ್ದಾರೆ ಎಂಬುದಷ್ಟೇ ತಿಳಿಯುತ್ತದೆ. ಯಾರ ಹೆಸರು ತೆಗೆಯಬೇಕು? ಬರೆದವರದೇ ಅಥವಾ ಬೇಡದವರೆಲ್ಲರದೇ? ಬೇಕಾದವರು ಯಾರು ಎಂದು ತೀರ್ಮಾನಿಸುವುದು ಯಾರು? ‘ಸಾಧ್ಯವಾದರೆ’ ಎಂಬುದು ನಮ್ಮ ಬಾಯಲ್ಲಿ ಬಹಳ ಸಲ ‘ಆಗದಿದ್ದರೂ ಪರವಾಗಿಲ್ಲ’ ಎಂದೇ ಕೇಳಿಸುತ್ತದೆ. ಅವರು ಅದನ್ನು ಹಾಗೆಯೇ ತೆಗೆದುಕೊಳ್ಳುತ್ತಾರೆ. ಮೇಲಾಗಿ ‘ನಿಮ್ಮ ಮೇಲ್‌ಗಳು ತುಂಬಾ ಬರುತ್ತಿವೆ’ ಎಂಬುದರಲ್ಲಿ ಆಪಾದನೆ ಇದೆ. ಆ ಮನುಷ್ಯ ಮಾಡುತ್ತಿರುವುದು ಹೇಳಿದ ಕೆಲಸವನ್ನು. ಅಂದರೆ ಇಷ್ಟೆಲ್ಲ ವಿನಯ ತೋರಿಸಿಯೂ ಈ ಪತ್ರ ಚುಚ್ಚುತ್ತದೆ, ಚುಚ್ಚಿಯೂ ಕೆಲಸ ಮಾಡಿಸುವುದಿಲ್ಲ.

ಅದರ ಬದಲು:

‘ವಿಷಯ: ಡಿಸ್ಪ್ಯಾಚ್ ಮೇಲ್‌ಗಳ ಸಿಸಿಯಿಂದ ನನ್ನ ಹೆಸರು ತೆಗೆಯುವ ಬಗ್ಗೆ

ನಮಸ್ಕಾರ ಸರ್,
ನಾನು ಈಗ ಗುಣಮಟ್ಟ ವಿಭಾಗದಲ್ಲಿದ್ದೇನೆ. ಖರೀದಿಯಲ್ಲಿ ನನ್ನ ಕೆಲಸವನ್ನು ಮಂಜುನಾಥ್ ನೋಡಿಕೊಳ್ಳುತ್ತಿದ್ದಾರೆ. ಸೋಮವಾರದಿಂದ ಡಿಸ್ಪ್ಯಾಚ್ ಮತ್ತು ಲಾರಿ ವಿವರದ ಮೇಲ್‌ಗಳ ಸಿಸಿಯಿಂದ ನನ್ನ ಹೆಸರು ತೆಗೆದು, ಅವರ ಹೆಸರು ಹಾಕಿ. ನಮ್ಮ ಖರೀದಿ ಮ್ಯಾನೇಜರ್ ಅವರಿಗೆ ಈ ವಿಷಯ ತಿಳಿಸಿದ್ದೇನೆ. ರಿಜೆಕ್ಷನ್ ಇದ್ದರೆ ಮಾತ್ರ ಈಗಿನಂತೆ ನನಗೂ ಕಳಿಸಿ. ಇಷ್ಟು ದಿನ ಪ್ರತಿ ಲಾರಿಯ ವಿವರವನ್ನೂ ತಪ್ಪದೆ ಕಳಿಸಿದ್ದೀರಿ, ಅದರಿಂದ ನಮಗೆ ತುಂಬಾ ಅನುಕೂಲವಾಗಿದೆ.’

ಎರಡನೆಯದರಲ್ಲಿ ‘ದಯವಿಟ್ಟು’ ಎಂಬುದು ಒಮ್ಮೆಯೂ ಇಲ್ಲ ಎಂಬುದನ್ನು ಗಮನಿಸಿ. ಹಾಕಿದರೆ ತಪ್ಪೇನಿಲ್ಲ, ಹಾಕದಿದ್ದರೂ ಒರಟಾಗುವುದಿಲ್ಲ. ‘ಹಾಕಿ, ಕಳಿಸಿ’ ಎಂಬ ಬಹುವಚನದಲ್ಲೇ ಗೌರವ ಬಂದುಬಿಟ್ಟಿದೆ. ಮರ್ಯಾದೆಯ ಭಾರವನ್ನೆಲ್ಲ ಕಾರಣ ಹೊತ್ತಿದೆ. ನಾನು ಬೇರೆ ವಿಭಾಗಕ್ಕೆ ಹೋಗಿದ್ದೇನೆ ಎಂಬುದರಲ್ಲಿ ಎದುರಿನವರ ತಪ್ಪೇನೂ ಇಲ್ಲ. ಯಾವ ಮೇಲ್, ಎಂದಿನಿಂದ, ಬದಲಿಗೆ ಯಾರು, ಯಾವುದು ಮಾತ್ರ ಬೇಕು ಎಂಬುದು ಗೊತ್ತಾಗಿರುವುದರಿಂದ ಗುಮಾಸ್ತರು ಮರಳಿ ಏನನ್ನೂ ಕೇಳಬೇಕಿಲ್ಲ. ಮ್ಯಾನೇಜರ್‌ಗೆ ತಿಳಿಸಿದ್ದೇನೆ ಎಂಬ ಒಂದು ಸಾಲು ಅವರ ಹೆದರಿಕೆಯನ್ನೂ ತೆಗೆಯುತ್ತದೆ. ನಾಲ್ಕೂ ವಿವರಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಲು ಬಿಟ್ಟರೆ ನಾನು ‘ಬದಲಿಗೆ ಯಾರು’ ಎಂಬುದನ್ನೇ ಇಟ್ಟುಕೊಳ್ಳುತ್ತೇನೆ. ಸಿಸಿ ಪಟ್ಟಿಯಲ್ಲಿ ಒಂದು ಹೆಸರು ಖಾಲಿಯಾದರೆ ಕಳಿಸುವವರಿಗೆ ಏನೋ ಬಿಟ್ಟುಹೋದ ಅಳುಕು. ಅಲ್ಲಿ ಇನ್ನೊಂದು ಹೆಸರು ಕೂತರೆ ಆ ಅಳುಕಿಲ್ಲ.

ಆದರೂ ಸೋಮವಾರ ಎರಡು ಮೇಲ್ ಬರುತ್ತವೆ. ಗುಮಾಸ್ತರು ಮರೆತರೆಂದು ಸಿಟ್ಟಾಗುವ ಮೊದಲು ಅವುಗಳನ್ನು ತೆರೆದು ನೋಡಬೇಕು. ಬಹುಮಟ್ಟಿಗೆ ಅವು ಹಿಂದಿನ ವಾರ ಶುರುವಾದ ಎಳೆಗಳಾಗಿರುತ್ತವೆ. ‘ರಿಪ್ಲೈ ಆಲ್’ ಒತ್ತಿದಾಗ ಮೇಲ್ ತಂತ್ರಾಂಶವು ಯಾವ ಮೇಲ್‌ಗೆ ಉತ್ತರಿಸುತ್ತಿದ್ದೇವೋ ಅದರ ವಿಳಾಸಗಳನ್ನು ಹಾಗೆಯೇ ಎತ್ತಿಕೊಳ್ಳುತ್ತದೆ. ಯಾರೋ ಹಳೆಯ ಮೇಲ್ ತೆರೆದು ‘ಆ ಲಾರಿ ಏನಾಯ್ತು?’ ಎಂದು ಕೇಳಿದರೆ ಸತ್ತುಹೋದ ಪಟ್ಟಿಗೆ ಜೀವ ಬರುತ್ತದೆ. ಇದನ್ನು ನಿಲ್ಲಿಸಲು ಗುಮಾಸ್ತರಿಂದಲೂ ಆಗುವುದಿಲ್ಲ. ಆ ಎಳೆಯನ್ನು ನೀವೇ ಮ್ಯೂಟ್ ಮಾಡಿದರೆ ಸಾಕು. ಜಿಮೇಲ್‌ನಲ್ಲಿ ‘Mute’, ಔಟ್‌ಲುಕ್‌ನಲ್ಲಿ ‘Ignore’. ಔಟ್‌ಲುಕ್‌ನ ಆ ಗುಂಡಿ ಮಾತ್ರ ಕೊಂಚ ಖಡಕ್. ಇಡೀ ಎಳೆಯನ್ನೂ ಮುಂದೆ ಬರುವ ಉತ್ತರಗಳನ್ನೂ ಅಳಿಸಿದವುಗಳ ಫೋಲ್ಡರಿಗೇ ತಳ್ಳುತ್ತದೆ.

ಎಳೆ ದೊಡ್ಡದಾಗಿ ಹಬ್ಬಿದ್ದು, ನಡುವೆಯೇ ಎದ್ದು ಬರಬೇಕಾದಾಗ ಇನ್ನೊಂದು ದಾರಿ ಉಂಟು. ಚರ್ಚೆ ನಡೆಸುತ್ತಿರುವವರಲ್ಲಿ ಒಬ್ಬರಿಗೆ ಪ್ರತ್ಯೇಕವಾಗಿ ಬರೆದು, ಮುಂದಿನ ಉತ್ತರದಲ್ಲಿ ನನ್ನನ್ನು ಬಿಸಿಸಿಗೆ ಹಾಕಿಬಿಡಿ ಎಂದು ಕೇಳುವುದು. ಅವರು ಉತ್ತರದ ಮೊದಲ ಸಾಲಿನಲ್ಲಿ ‘ಗುಣಮಟ್ಟ ವಿಭಾಗದವರನ್ನು ಬಿಸಿಸಿಗೆ ಸರಿಸಿದ್ದೇನೆ’ ಎಂದು ಬರೆದು ಕಳಿಸುತ್ತಾರೆ. ನಿಮಗೆ ಆ ಒಂದು ಮೇಲ್ ಬರುತ್ತದೆ, ನಿಮ್ಮನ್ನು ಬಿಟ್ಟರೆಂಬುದು ತಿಳಿಯುತ್ತದೆ. ಉಳಿದವರು ಆ ಮೇಲ್‌ಗೆ ರಿಪ್ಲೈ ಆಲ್ ಮಾಡಿದಾಗ ಬಿಸಿಸಿಯಲ್ಲಿದ್ದವರಿಗೆ ಹೋಗುವುದಿಲ್ಲ. ನೀವು ಯಾಕೆ ಕಾಣುತ್ತಿಲ್ಲ ಎಂದು ಯಾರೂ ಹುಡುಕುವುದೂ ಇಲ್ಲ. ಒಂದೇ ಎಚ್ಚರ: ಬಿಸಿಸಿಯಲ್ಲಿ ಬಂದ ಆ ಮೇಲ್‌ಗೆ ‘ಧನ್ಯವಾದ’ ಎಂದು ನೀವೇ ರಿಪ್ಲೈ ಆಲ್ ಒತ್ತಿದರೆ ಅದು ಎಲ್ಲರಿಗೂ ಹೋಗಿ, ಮುಂದಿನವರು ಅದಕ್ಕೇ ಉತ್ತರಿಸಿದರೆ ಬಿಟ್ಟುಬಂದ ಮನೆಗೆ ಮತ್ತೆ ಹೊಕ್ಕ ಹಾಗಾಗುತ್ತದೆ.

ಗುಂಪು ವಿಳಾಸದ ವಿಷಯ ಇಷ್ಟು ಸೂಕ್ಷ್ಮವಲ್ಲ. ಅಲ್ಲಿ ಕಳಿಸಿದವರನ್ನು ಕೇಳಿ ಪ್ರಯೋಜನವಿಲ್ಲ, ಅವರ ಕೈಯಲ್ಲಿ ಪಟ್ಟಿ ಇರುವುದಿಲ್ಲ. ಗುಂಪನ್ನು ನೋಡಿಕೊಳ್ಳುವವರು ಯಾರು ಎಂದು ಕಚೇರಿಯ ಐಟಿ ವಿಭಾಗದವರನ್ನು ಕೇಳಬೇಕು, ಇಲ್ಲವೇ ಅವರೇ ತೆಗೆಯಬಲ್ಲರು. ಬರೆಯುವಾಗ ಗುಂಪಿನ ಹೆಸರನ್ನು ತೆರೆಯ ಮೇಲೆ ಕಾಣುವ ಹಾಗೆಯೇ ಬರೆಯಬೇಕು. ‘ಆ ಖರೀದಿ ಗುಂಪು’ ಎಂದರೆ ಅಂಥವು ನಾಲ್ಕಿರುತ್ತವೆ. ದೊಡ್ಡ ಪಟ್ಟಿಗಳಲ್ಲಿ ರಿಪ್ಲೈ ಆಲ್ ಬಿರುಗಾಳಿ ಎದ್ದರೆ ತಡೆಯಲು ಮೈಕ್ರೋಸಾಫ್ಟ್ 2020ರಲ್ಲಿ ತನ್ನ ಎಕ್ಸ್‌ಚೇಂಜ್ ಆನ್‌ಲೈನ್ ಸೇವೆಗೆ ಒಂದು ತಡೆಗೋಡೆ ಸೇರಿಸಿತು. ಶುರುವಿನಲ್ಲಿ ಅದಕ್ಕೆ ಇಟ್ಟ ಮಿತಿ, 5,000ಕ್ಕೂ ಹೆಚ್ಚು ಜನರ ಪಟ್ಟಿಗೆ ಒಂದು ಗಂಟೆಯಲ್ಲಿ ಹತ್ತು ರಿಪ್ಲೈ ಆಲ್. ಅದು ದಾಟಿದರೆ ನಾಲ್ಕು ಗಂಟೆ ಆ ಎಳೆ ಬಂದ್. ಎಂಬತ್ತು ಜನರ ನಮ್ಮ ಪಟ್ಟಿಗಳನ್ನು ಕಾಯಲು ಅದು ಬರುವುದಿಲ್ಲ.

ಇನ್ನು ಮೂರನೆಯದು, ಚಂದಾ ಪಟ್ಟಿ. ಅಂಗಡಿ, ಬ್ಯಾಂಕು, ಮ್ಯೂಚುವಲ್ ಫಂಡ್ ಕಂಪನಿಗಳ ಮೇಲ್‌ನಲ್ಲಿ ವಿನಯದ ಪ್ರಶ್ನೆಯೇ ಇಲ್ಲ, ಯಂತ್ರಕ್ಕೆ ನಮಸ್ಕಾರ ಬೇಕಿಲ್ಲ. ದಿನಕ್ಕೆ 5,000ಕ್ಕಿಂತ ಹೆಚ್ಚು ಜಿಮೇಲ್ ವಿಳಾಸಗಳಿಗೆ ಪ್ರಚಾರದ ಮೇಲ್ ಕಳಿಸುವವರು ಒಂದೇ ಒತ್ತಿನಲ್ಲಿ ಹೊರಬರುವ ವ್ಯವಸ್ಥೆ ಇಡಲೇಬೇಕು, ಎರಡು ದಿನದೊಳಗೆ ಹೆಸರು ತೆಗೆಯಬೇಕು ಎಂದು ಗೂಗಲ್ 2024ರಲ್ಲಿ ನಿಯಮ ತಂದಿತು. ಜಿಮೇಲ್‌ನಲ್ಲಿ ಇಂಥ ಮೇಲ್ ತೆರೆದರೆ ಸಾಮಾನ್ಯವಾಗಿ ಕಳಿಸಿದವರ ಹೆಸರಿನ ಪಕ್ಕದಲ್ಲೇ ‘Unsubscribe’ ಕಾಣುತ್ತದೆ. ನಮ್ಮ ಸಂಸತ್ತು 2023ರಲ್ಲಿ ಒಪ್ಪಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಹಿಂತೆಗೆದುಕೊಳ್ಳುವುದು ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿರಬೇಕು ಎನ್ನುತ್ತದೆ. ಊರು ಹೆಸರಿಲ್ಲದ ಕಡೆಯಿಂದ ಬರುವ ಲಾಟರಿ, ಸಾಲದ ಮೇಲ್‌ಗಳ ಕೆಳಗಿನ ಕೊಂಡಿಯನ್ನು ಮಾತ್ರ ಮುಟ್ಟಬೇಡಿ. ಒತ್ತಿದರೆ ಈ ವಿಳಾಸದಲ್ಲಿ ಮನುಷ್ಯ ಇದ್ದಾನೆ ಎಂದು ನೀವೇ ಹೇಳಿಕೊಟ್ಟಂತೆ. ಅವು ಸ್ಪ್ಯಾಮ್ ಗುಂಡಿಯ ಪಾಲು.

ಸಂಘ ಸಂಸ್ಥೆಗಳ, ಹಳೆಯ ವಿದ್ಯಾರ್ಥಿಗಳ, ನಿವೃತ್ತ ನೌಕರರ ಪಟ್ಟಿಗಳು ಹಾಗಲ್ಲ. ಅಲ್ಲಿ ಯಂತ್ರದ ಹಿಂದೆ ಬಿಡುವಿನ ವೇಳೆಯಲ್ಲಿ ದುಡಿಯುವ ಒಬ್ಬರು ಇರುತ್ತಾರೆ. ಇಂಥವುಗಳಿಗೆ ಬಹಳ ಕಾಲದಿಂದ ಬಳಕೆಯಲ್ಲಿರುವ ತಂತ್ರಾಂಶ ಮೇಲ್‌ಮ್ಯಾನ್. ಅದರಲ್ಲಿ ಒಂದೇ ಪಟ್ಟಿಗೆ ಹಲವು ವಿಳಾಸಗಳು. ಪಟ್ಟಿಯ ಹೆಸರು ‘nivruttaru’ ಎಂದಿದ್ದರೆ:

```
nivruttaru@lists.example.org
nivruttaru-leave@lists.example.org
nivruttaru-owner@lists.example.org
```

ಮೊದಲನೆಯದಕ್ಕೆ ಬರೆದದ್ದು ಸದಸ್ಯರೆಲ್ಲರಿಗೂ ಹೋಗುತ್ತದೆ. ಎರಡನೆಯದಕ್ಕೆ ಖಾಲಿ ಮೇಲ್ ಕಳಿಸಿದರೂ ಸಾಕು. ತಂತ್ರಾಂಶವು ‘ಹೌದೇ?’ ಎಂದು ಕೇಳಿ ಒಂದು ಮೇಲ್ ಕಳಿಸುತ್ತದೆ, ಅದಕ್ಕೆ ಉತ್ತರಿಸಿದರೆ ಹೆಸರು ಹೋಗುತ್ತದೆ. ಆ ದೃಢೀಕರಣದ ಮೇಲ್ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದು ಅವಧಿ ತೀರಿಹೋಗಿ, ‘ಕೇಳಿದೆ, ತೆಗೆಯಲಿಲ್ಲ’ ಎಂದು ನೊಂದುಕೊಳ್ಳುವವರು ಬೇಕಾದಷ್ಟು ಜನ. ಮೂರನೆಯ ವಿಳಾಸ ಆ ಮನುಷ್ಯನದು.

ಆ ಮನುಷ್ಯನಿಗೆ ಬರೆಯಬೇಕಾಗುವ ಸಂದರ್ಭ ಸಾಮಾನ್ಯವಾಗಿ ಒಂದೇ. ಕೋರಿಕೆ ಕಳಿಸಿದರೆ ತಂತ್ರಾಂಶ ‘ನೀವು ಸದಸ್ಯರೇ ಅಲ್ಲ’ ಎನ್ನುತ್ತದೆ, ಮೇಲ್ ಮಾತ್ರ ದಿನಾ ಬರುತ್ತಲೇ ಇರುತ್ತದೆ. ಯಂತ್ರ ಸುಳ್ಳು ಹೇಳುತ್ತಿಲ್ಲ. ಎಷ್ಟೋ ವರ್ಷದ ಹಿಂದೆ ಸೇರಿದ್ದು ಹಳೆಯ ವಿಳಾಸದಿಂದ. ಅದಕ್ಕೆ ಬಂದದ್ದೆಲ್ಲ ಹೊಸ ವಿಳಾಸಕ್ಕೆ ತಾನಾಗಿ ಬರುವಂತೆ ಮಾಡಿಕೊಂಡು ಮರೆತಿದ್ದಾರೆ. ಪಟ್ಟಿಗೆ ಗೊತ್ತಿರುವುದು ಹಳೆಯದೇ. ಜಿಮೇಲ್‌ನಲ್ಲಿ ಮೂರು ಚುಕ್ಕೆಗಳನ್ನು ಒತ್ತಿ ‘Show original’ ಆರಿಸಿದರೆ ಆ ಮೇಲ್‌ನ ಪ್ರಯಾಣದ ವಿವರವೆಲ್ಲ ತೆರೆದುಕೊಳ್ಳುತ್ತದೆ. ಅದರಲ್ಲಿ ಹೀಗೆ ಕಂಡರೆ ಗುಟ್ಟು ಬಯಲಾದಂತೆ:

```
X-Forwarded-For: hale@example.com hosa@example.com
List-Id: <nivruttaru.lists.example.org>
```

ಮೊದಲ ವಿಳಾಸ ಪಟ್ಟಿಯಲ್ಲಿರುವುದು, ಎರಡನೆಯದು ನೀವು ಓದುತ್ತಿರುವುದು. ಹಳೆಯದರ ಪಾಸ್‌ವರ್ಡ್ ಗೊತ್ತಿದ್ದರೆ ಅಲ್ಲಿಂದಲೇ ‘leave’ ವಿಳಾಸಕ್ಕೆ ಮೇಲ್ ಕಳಿಸಬಹುದು. ಇಲ್ಲದಿದ್ದರೆ ನಿರ್ವಾಹಕರಿಗೆ: ‘ನಾನು ಪಟ್ಟಿಯಲ್ಲಿರುವುದು hale@example.com ವಿಳಾಸದಿಂದ, ಈಗ ಅದರೊಳಗೆ ಹೋಗಲು ಆಗುತ್ತಿಲ್ಲ. ಅದನ್ನು ಪಟ್ಟಿಯಿಂದ ತೆಗೆಯಿರಿ.’ ಅವರು ಪಟ್ಟಿಯಲ್ಲಿ ಹುಡುಕಬೇಕಾದ ವಿಳಾಸವನ್ನು ನೀವೇ ಕೊಟ್ಟಿರುವುದರಿಂದ ಅರೆನಿಮಿಷದ ಕೆಲಸ. ‘ಎಷ್ಟು ಸಲ ಹೇಳಬೇಕು ನಿಮಗೆ’ ಎಂದು ಬರೆದವರ ಹೆಸರು ಅವರಿಗೆ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ನಮ್ಮ ಇಂಜಿನಿಯರ್‌ಗೆ ಇಷ್ಟೆಲ್ಲ ಆದ ಮೇಲೂ ಪ್ರತಿ ಬೆಳಿಗ್ಗೆ ಏಳು ಗಂಟೆಗೆ ಒಂದು ಮೇಲ್ ಬರುತ್ತಿದ್ದರೆ, ಅದೂ ‘noreply’ ಎಂಬ ವಿಳಾಸದಿಂದ, ಒಂದೇ ನಮೂನೆಯ ಎಕ್ಸೆಲ್ ಹಾಳೆಯೊಂದಿಗೆ, ಭಾನುವಾರವೂ ತಪ್ಪದೆ ಬರುತ್ತಿದ್ದರೆ, ಅದನ್ನು ಯಾರೂ ಕಳಿಸುತ್ತಿಲ್ಲ. ಕಾರ್ಖಾನೆಯ ದಾಸ್ತಾನು ತಂತ್ರಾಂಶದಲ್ಲಿ ಯಾರೋ ಒಂದು ದಿನ ವರದಿಯ ವೇಳಾಪಟ್ಟಿ ಹಾಕಿ, ವಿಳಾಸ ತುಂಬಿ, ಬಿಟ್ಟಿದ್ದಾರೆ. ಹಾಕಿದವರು ಕಂಪನಿ ಬಿಟ್ಟೂ ಹೋಗಿರಬಹುದು. ಇಂಥದ್ದಕ್ಕೆ ಉತ್ತರ ಬರೆದರೆ ಅದು ಯಾರಿಗೂ ತಲುಪುವುದಿಲ್ಲ. ವರದಿಯ ಶೀರ್ಷಿಕೆ ಮತ್ತು ಮೇಲ್ ಬರುವ ಗಂಟೆ ಇವೆರಡನ್ನು ಐಟಿಯವರಿಗೆ ಬರೆದು ಕಳಿಸಬೇಕು. ವೇಳಾಪಟ್ಟಿಗಳ ರಾಶಿಯಲ್ಲಿ ಅವರು ಹುಡುಕುವುದು ಆ ಎರಡರಿಂದಲೇ. ಹಾಗೆ ಹುಡುಕಿ ತೆಗೆಯುವಾಗ ಅದೇ ಪಟ್ಟಿಯಲ್ಲಿ ನಿವೃತ್ತರಾದವರ, ಕೆಲಸ ಬಿಟ್ಟವರ ವಿಳಾಸಗಳೂ ಸಿಕ್ಕರೆ ಅವನ್ನೂ ತೆಗೆದುಬಿಡಿ ಎಂದು ಅದೇ ಮೇಲ್‌ನಲ್ಲಿ ಸೇರಿಸಬಹುದು.